ಪೋಸ್ಟ್ ತೆಗೆದ ಅಡ್ಮಿನ್‌ಗೆ 'ಯಾವ ನಿಯಮ?' ಅಂತ ಕೇಳೋದು ಹೇಗೆ

ಗ್ರೂಪಿಗೆ ಹಾಕಿದ ಪೋಸ್ಟ್ ಕಾಣೆಯಾದಾಗ ನಮ್ಮಲ್ಲಿ ಹೆಚ್ಚಿನವರು ಮಾಡೋದು ಎರಡರಲ್ಲಿ ಒಂದು. ಸಿಟ್ಟಿಗೆದ್ದು ಅದೇ ಗ್ರೂಪಲ್ಲಿ 'ಇದೇನು ಅಡ್ಮಿನ್ ದರ್ಬಾರು?' ಅಂತ ಇನ್ನೊಂದು ಪೋಸ್ಟ್ ಹಾಕ್ತೀವಿ. ಇಲ್ಲವೇ ಸುಮ್ಮನೆ ಗ್ರೂಪ್ ಬಿಟ್ಟು ಹೊರಗೆ ಬರ್ತೀವಿ. ಮೊದಲನೆಯದಕ್ಕೆ ಸಿಗೋ ಉತ್ತರ ಸಾಮಾನ್ಯವಾಗಿ ಬ್ಲಾಕ್. ಎರಡನೆಯದರಿಂದ ಏನೂ ಬದಲಾಗಲ್ಲ, ನಾಳೆ ಇನ್ನೊಬ್ಬರ ಪೋಸ್ಟಿಗೂ ಅದೇ ಗತಿ. ಇವೆರಡರ ನಡುವೆ ಒಂದು ದಾರಿ ಇದೆ. ಗ್ರೂಪಿನವರೇ ಬರೆದಿಟ್ಟ ನಿಯಮವನ್ನು ಮುಂದಿಟ್ಟು, ತೆಗೆದವರನ್ನೇ ಮರ್ಯಾದೆಯಿಂದ ಕೇಳೋದು. ಈಚೆಗೆ ನಾನು ಆ ದಾರಿ ಹಿಡಿದೆ. ಅದು ಹೇಗೆ ನಡೆಯಿತು, ಎಲ್ಲಿಗೆ ನಿಂತಿತು ಅನ್ನೋದನ್ನ ಹೆಜ್ಜೆ ಹೆಜ್ಜೆಯಾಗಿ ಹೇಳ್ತೀನಿ.

ನಾನು ಕಲಬುರಗಿಯವನು, ಕೆಲಸ ಬೆಂಗಳೂರಲ್ಲಿ. ನಮ್ಮೂರಿನವರದೇ ಒಂದು ದೊಡ್ಡ ಫೇಸ್‌ಬುಕ್ ಗ್ರೂಪ್ ಇದೆ. ಹೆಸರು ಬೇಡ. ಅದರಲ್ಲಿ ನಾನು ಕಮಲಾಪುರದ ಕೆಂಪು ಬಾಳೆಯ ಬಗ್ಗೆ ಬರೆದಿದ್ದೆ. ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದರೆ ಸಿಗೋ ಊರು ಕಮಲಾಪುರ. ಅಲ್ಲಿನ ಬಾಳೆಹಣ್ಣಿಗೆ ಸಿಪ್ಪೆ ಕೆಂಪು, ತಿರುಳು ಕೆನೆ ಬಣ್ಣ. ಬೇರೆ ಬಾಳೆ ಒಂದು ವರ್ಷದ ಹೊತ್ತಿಗೆ ಕೈಗೆ ಬಂದರೆ, ಇದು ಸುಮಾರು ಒಂದೂವರೆ ವರ್ಷ ತಗೊಳ್ಳುತ್ತೆ. ಅಷ್ಟು ದಿನ ನೀರು, ಗೊಬ್ಬರ, ಕೂಲಿ ಎಲ್ಲಾ ಹೆಚ್ಚು, ಹಾಗಾಗಿ ದರವೂ ಹೆಚ್ಚು. ಇದಕ್ಕೆ ಭೌಗೋಳಿಕ ಸೂಚಿಕೆ, ಅಂದ್ರೆ ಜಿಐ ಟ್ಯಾಗ್ ಕೂಡ ಇದೆ. ಆದರೆ ಕೆಂಪು ಸಿಪ್ಪೆಯ ಬಾಳೆ ತಮಿಳುನಾಡು, ಕೇರಳದಲ್ಲೂ ಬೆಳೀತಾರೆ. ಬೆಂಗಳೂರಿನ ಅಂಗಡಿಯಲ್ಲಿ 'ಕಮಲಾಪುರದ್ದು' ಅಂತ ಕೊಟ್ಟದ್ದೆಲ್ಲ ಕಮಲಾಪುರದ್ದೇ ಆಗಿರಬೇಕಿಲ್ಲ.

ನನ್ನ ಪೋಸ್ಟಿನಲ್ಲಿ ಇದ್ದದ್ದು ಇಷ್ಟೇ. ಬೆಳೆಗೆ ಎಷ್ಟು ಕಾಲ ಬೇಕು, ಜಿಐ ಅಂದ್ರೆ ಏನು, ಅಂಗಡಿಯವರನ್ನ ಏನು ಕೇಳಬೇಕು. ಜೊತೆಗೆ ಎರಡು ಫೋಟೋ. ತೋಟ ನನ್ನ ಸೋದರಮಾವನದು ಅಂತಲೂ ಬರೆದಿದ್ದೆ. ಕೊನೆಗೆ ಒಂದು ಪ್ರಶ್ನೆ: ನಿಮ್ಮ ಏರಿಯಾದಲ್ಲಿ ಅಸಲಿ ಹಣ್ಣು ಸಿಗ್ತದಾ? ಶನಿವಾರ ಬೆಳಿಗ್ಗೆ ಎಂಟಕ್ಕೆ ಹಾಕಿದ್ದು, ಹನ್ನೊಂದರ ಹೊತ್ತಿಗೆ ಇರಲಿಲ್ಲ. 'ನಿಯಮ 4' ಅಂತ ಒಂದು ಸಾಲಿನ ಸೂಚನೆ ಬಂದಿತ್ತು.

ಅಷ್ಟರಲ್ಲಿ ಕಮಲಾಪುರದಲ್ಲಿ ಸುದ್ದಿ ಹಬ್ಬಿತ್ತು. ಮಾಮಾ ಫೋನ್ ಮಾಡಿ, "ಏನ್ ಅಳಿಯಾ, ನಮ್ಮ ತೋಟದ ಫೋಟೋ ತೆಗದು ಹಾಕ್ಯಾರಂತ. ನಾ ಏನರೆ ಮೋಸದ ಮಾಲು ಮಾರ್ಲತ್ತೀನಂತ ತಿಳ್ಕೊಂಡಾರೇನು?" ಅಂದ್ರು. ನನಗೆ ಅದು ಒಂದು ಪೋಸ್ಟ್. ಅವರಿಗೆ ಅದು ನಾಲ್ಕು ಮಂದಿ ಎದುರಿನ ಹೆಸರು. ಹಾಗಾಗಿ ಇದನ್ನ ಹಾಗೇ ಬಿಡೋದು ನನ್ನಿಂದ ಆಗಲಿಲ್ಲ.

ಮೊದಲು, ತೆಗೆದದ್ದು ಯಾರು?

ಪೋಸ್ಟ್ ಹೋಯ್ತು ಅಂದ ಕೂಡಲೇ ಅಡ್ಮಿನ್ ಮೇಲೆ ಹೋಗೋ ಮುಂಚೆ ಇದನ್ನ ಖಚಿತ ಮಾಡ್ಕೊಬೇಕು. ಯಾಕಂದ್ರೆ ತೆಗೆಯೋ ಕೈಗಳು ಮೂರು ಥರ.

ಒಂದು, ಫೇಸ್‌ಬುಕ್ ಕಂಪನಿಯೇ. ಅದು ತನ್ನ ಇಡೀ ತಾಣದ ನಿಯಮಗಳ ಪ್ರಕಾರ ತೆಗೆದಿದ್ದರೆ ಸೂಚನೆ ಕಂಪನಿಯಿಂದ ಬರುತ್ತೆ, ಮೇಲ್ಮನವಿಯನ್ನೂ ಅಲ್ಲೇ ಮಾಡಬೇಕು. ಇಲ್ಲಿ ಗ್ರೂಪಿನ ಅಡ್ಮಿನ್‌ಗೆ ಬರೆದು ಪ್ರಯೋಜನವಿಲ್ಲ. ಎರಡು, ಅಡ್ಮಿನ್ ಇಟ್ಟಿರೋ ಸ್ವಯಂಚಾಲಿತ ಜರಡಿ. ಇಂಥ ಪದ ಇದ್ರೆ, ಲಿಂಕ್ ಇದ್ರೆ ಪೋಸ್ಟ್ ನಿಲ್ಲಿಸು ಅಂತ ಮೊದಲೇ ಹೇಳಿಡಬಹುದು. ಹಾಕಿದ ಕೆಲವೇ ಕ್ಷಣಗಳಲ್ಲಿ ಪೋಸ್ಟ್ ಹೋದರೆ ಹೆಚ್ಚಾಗಿ ಇದೇ ಕಾರಣ. ಮೂರು, ಮನುಷ್ಯ. ಕೆಲ ಗಂಟೆ ಕಳೆದು, ನಾಲ್ಕು ಕಾಮೆಂಟ್ ಬಂದ ಮೇಲೆ ಹೋದರೆ ಯಾರೋ ನೋಡಿಯೇ ತೆಗೆದಿದ್ದಾರೆ ಅಂತ ಲೆಕ್ಕ.

ಫೇಸ್‌ಬುಕ್ ಗ್ರೂಪಿನಲ್ಲಿ ನಿಮ್ಮದೇ ಪೋಸ್ಟುಗಳ ಪಟ್ಟಿ ತೆರೆದರೆ `Declined` ಮತ್ತು `Removed` ಅನ್ನೋ ಬೇರೆ ಬೇರೆ ವಿಭಾಗ ಕಾಣ್ತವೆ. ಮೊದಲನೆಯದು ಒಪ್ಪಿಗೆಯ ಹಂತದಲ್ಲೇ ಬೇಡ ಅಂದದ್ದು, ಎರಡನೆಯದು ಪ್ರಕಟವಾದ ಮೇಲೆ ತೆಗೆದದ್ದು. ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಇಷ್ಟು ಹುಡುಕಾಟ ಬೇಕಿಲ್ಲ. ಅಡ್ಮಿನ್ ಅಳಿಸಿದ ಸಂದೇಶದ ಜಾಗದಲ್ಲಿ ಯಾವ ಅಡ್ಮಿನ್ ಅಳಿಸಿದ್ದು ಅಂತ ಎಲ್ಲರಿಗೂ ಕಾಣುತ್ತೆ.

ನನ್ನದು ಮೂರು ಗಂಟೆ ಬದುಕಿತ್ತು, ನಿಯಮದ ಸಂಖ್ಯೆಯೂ ಇತ್ತು. ಹಾಗಾಗಿ ಮನುಷ್ಯನೇ ತೆಗೆದದ್ದು, ಕೇಳಿದರೆ ಉತ್ತರ ಕೊಡಬಲ್ಲವರು ಇದ್ದಾರೆ ಅಂತ ಗೊತ್ತಾಯ್ತು.

ನಿಯಮವನ್ನ ಬಿಡಿಸಿ ಓದೋದು

ನಂತರದ ಕೆಲಸ, ಗ್ರೂಪಿನ ನಿಯಮಗಳ ಸ್ಕ್ರೀನ್‌ಶಾಟ್ ತಗೊಳ್ಳೋದು. ಅಡ್ಮಿನ್ ಯಾವಾಗ ಬೇಕಾದ್ರೂ ನಿಯಮ ತಿದ್ದಬಹುದು, ಆದ್ದರಿಂದ ನಿಮ್ಮ ಪೋಸ್ಟ್ ಹೋದ ದಿನದ ಮಾತು ನಿಮ್ಮ ಹತ್ತಿರ ಇರಬೇಕು. ನಮ್ಮ ಗ್ರೂಪಿನ ನಿಯಮ 4 ಹೀಗಿತ್ತು: 'ಮಾರಾಟದ ಪೋಸ್ಟ್, ಬೆಲೆ, ಫೋನ್ ನಂಬರ್ ಬೇಡ. ಊರಿನ ಬೆಳೆ, ಅಡುಗೆ, ಕಸುಬಿನ ಮಾಹಿತಿ ಹಂಚಬಹುದು.' ಕೆಳಗೆ ನಿಯಮ 7: 'ನಿಯಮ ಮೀರಿದ ಪೋಸ್ಟಿಗೆ ಮೊದಲ ಸಲ ತಿಳಿಸಿ, ತಿದ್ದಲು ಒಂದು ದಿನ ಕೊಡಲಾಗುವುದು. ಮೂರು ಸಲ ಮೀರಿದವರನ್ನು ತೆಗೆಯಲಾಗುವುದು.'

ಆಫೀಸಿನಲ್ಲಿ ಕೋಡ್ ಪರೀಕ್ಷೆ ಮಾಡೋವಾಗ ಒಂದು ದೊಡ್ಡ ಷರತ್ತನ್ನ ಸಣ್ಣ ಸಣ್ಣ ಪ್ರಶ್ನೆಗಳಾಗಿ ಒಡೀತೀವಿ. ಇಲ್ಲೂ ಅದನ್ನೇ ಮಾಡಿದೆ. ನಿಯಮ 4ರಲ್ಲಿ ಬೇಡ ಅಂದದ್ದು ಮೂರು. ಬೆಲೆ ಇತ್ತಾ? ಇಲ್ಲ. ನಂಬರ್ ಇತ್ತಾ? ಇಲ್ಲ. ಮಾರಾಟದ ಪೋಸ್ಟಾ? ಇಲ್ಲಿ ಮಾತ್ರ ಉತ್ತರ ಅಷ್ಟು ಸಲೀಸಾಗಿರಲಿಲ್ಲ. ಕೊಳ್ಳಿ ಅಂತ ಎಲ್ಲೂ ಹೇಳಿರಲಿಲ್ಲ, ಆದರೆ ತೋಟ ನಮ್ಮ ಮನೆಯವರದು. ಹೊರಗಿನಿಂದ ನೋಡಿದವರಿಗೆ 'ಮಾಮಾನ ಹಣ್ಣಿಗೆ ಅಳಿಯನ ಪ್ರಚಾರ' ಅನ್ನಿಸಬಹುದು. ಇದನ್ನ ಅಡ್ಮಿನ್ ಎತ್ತೋ ಮುಂಚೆ ನಾವೇ ಹೇಳೋದು ಲೇಸು. ಮುಚ್ಚಿಟ್ಟು ಆಮೇಲೆ ಗೊತ್ತಾದರೆ ಉಳಿದ ಮಾತಿಗೂ ಬೆಲೆ ಇರಲ್ಲ.

ಇದೇ ಪರೀಕ್ಷೆಯಲ್ಲಿ ನಿಮ್ಮ ಪೋಸ್ಟ್ ಸೋತರೆ ಅಲ್ಲಿಗೇ ಬಿಡಿ. ಅಡ್ಮಿನ್ ಸರಿ ಅಂತ ಗೊತ್ತಾಗೋಕೂ ಇದೇ ದಾರಿ. ಇನ್ನೊಂದು ಸಾಮಾನ್ಯ ಬಲೆ ಅಂದ್ರೆ, 'ಅವರ ಪೋಸ್ಟ್ ಇನ್ನೂ ಇದೆಯಲ್ಲ, ನನ್ನದೇ ಯಾಕೆ?' ಅನ್ನೋ ವಾದ. ಇದು ನಿಯಮದ ಪ್ರಶ್ನೆಗೆ ಉತ್ತರ ಅಲ್ಲ. ಅಡ್ಮಿನ್ ಆ ಇನ್ನೊಂದು ಪೋಸ್ಟನ್ನೂ ತೆಗೆದು ಮಾತು ಮುಗಿಸ್ತಾರೆ. ನಿಮ್ಮ ಪೋಸ್ಟ್ ವಾಪಸ್ ಬರಲ್ಲ, ಗ್ರೂಪಿನಲ್ಲಿ ಒಬ್ಬ ವೈರಿ ಹೆಚ್ಚಾಗ್ತಾನೆ ಅಷ್ಟೇ.

ಬರೆದ ಸಂದೇಶ

ಇದನ್ನ ಗ್ರೂಪಿನಲ್ಲಿ ಎಲ್ಲರ ಮುಂದೆ ಹಾಕಲಿಲ್ಲ, ಅಡ್ಮಿನ್‌ಗೆ ಖಾಸಗಿಯಾಗಿ ಕಳಿಸಿದೆ. ಎಲ್ಲರೆದುರು ಕೇಳಿದಾಗ ಅಡ್ಮಿನ್ ಉತ್ತರ ಕೊಡೋದು ನಮಗಲ್ಲ, ನೋಡ್ತಾ ಇರೋರಿಗೆ. ಅಲ್ಲಿ ಮನಸ್ಸು ಬದಲಿಸೋದು ಅವರಿಗೆ ಸೋಲು ಅನ್ನಿಸುತ್ತೆ. ನಮ್ಮ ಗ್ರೂಪಿನಲ್ಲಿ ಹಲವು ಅಡ್ಮಿನ್‌ಗಳಿದ್ದಾರೆ. ತೆಗೆದವರು ಯಾರು ಅಂತ ಒಬ್ಬರನ್ನ ಕೇಳಿ ತಿಳ್ಕೊಂಡು ಅವರಿಗೇ ಬರೆದೆ. ಪೂರ್ತಿ ಸಂದೇಶ ಇದು:

"ನಮಸ್ಕಾರ ಸರ್. ಶನಿವಾರ ಬೆಳಿಗ್ಗೆ 8ರ ಸುಮಾರಿಗೆ ನಾನು ಹಾಕಿದ ಕಮಲಾಪುರ ಕೆಂಪು ಬಾಳೆಯ ಪೋಸ್ಟನ್ನು 11ರ ಹೊತ್ತಿಗೆ ತೆಗೆಯಲಾಗಿದೆ. ಕಾರಣ ನಿಯಮ 4 ಎಂದು ಸೂಚನೆ ಬಂದಿದೆ. ಆ ನಿಯಮದಲ್ಲಿ ಮಾರಾಟದ ಪೋಸ್ಟ್, ಬೆಲೆ, ಫೋನ್ ನಂಬರ್ ಬೇಡ ಎಂದಿದೆ, ಊರಿನ ಬೆಳೆಯ ಮಾಹಿತಿ ಹಂಚಬಹುದು ಎಂದೂ ಇದೆ. ನನ್ನ ಪೋಸ್ಟಿನಲ್ಲಿ ಬೆಲೆ, ನಂಬರ್, ಕೊಳ್ಳಿ ಎನ್ನುವ ಮಾತು ಇಲ್ಲ. ಪೂರ್ತಿ ಬರಹ ಕೆಳಗೆ ಹಾಕಿದ್ದೇನೆ. ಫೋಟೋದಲ್ಲಿರುವ ತೋಟ ನನ್ನ ಸೋದರಮಾವನದು. ಅದನ್ನು ಪೋಸ್ಟಿನಲ್ಲೇ ಹೇಳಿದ್ದೆ. ಯಾವ ಸಾಲು ನಿಯಮಕ್ಕೆ ಹೊಂದಲಿಲ್ಲ ಎಂದು ತಿಳಿಸಿದರೆ ನಿಯಮ 7ರಂತೆ ತಿದ್ದುತ್ತೇನೆ. ಅಂಥ ಸಾಲು ಇಲ್ಲವಾದರೆ ಮತ್ತೆ ಹಾಕಲು ಅನುಮತಿ ಕೊಡಿ, ಮತ್ತು ಇದನ್ನು ನನ್ನ ಲೆಕ್ಕದಲ್ಲಿ ಒಂದು ತಪ್ಪು ಎಂದು ಎಣಿಸಬೇಡಿ. ನಿಮ್ಮ ಉತ್ತರ ಬರುವವರೆಗೆ ಮತ್ತೆ ಹಾಕುವುದಿಲ್ಲ."

ಇದರಲ್ಲಿ ಮೂರು ಸಂಗತಿ ಗಮನಿಸಿ. ಅಡ್ಮಿನ್ ಹುಡುಕಬೇಕಾದ್ದು ಏನೂ ಇಲ್ಲ. ದಿನ, ಹೊತ್ತು, ನಿಯಮ, ಬರಹ ಎಲ್ಲಾ ಒಂದೇ ಕಡೆ ಇದೆ. ಅವರೂ ನಮ್ಮ ಹಾಗೆ ನೌಕರಿ ಮಾಡ್ತಾ, ಸಂಬಳ ಇಲ್ಲದೆ ಗ್ರೂಪ್ ನೋಡ್ಕೊಳ್ಳೋರು. ಎರಡನೆಯದು, ಕೇಳಿಕೆ ಸ್ಪಷ್ಟ. 'ನ್ಯಾಯ ಕೊಡಿ' ಅಂದ್ರೆ ಅವರು ಏನು ಮಾಡಬೇಕು? 'ಸಾಲು ತೋರಿಸಿ, ಇಲ್ಲವೇ ಅನುಮತಿ ಕೊಡಿ' ಅಂದ್ರೆ ಮಾಡೋಕೆ ಆಗುತ್ತೆ. ತೆಗೆದದ್ದನ್ನೇ ವಾಪಸ್ ತನ್ನಿ ಅನ್ನೋದಕ್ಕಿಂತ ಮತ್ತೆ ಹಾಕಲು ಒಪ್ಪಿಗೆ ಕೇಳೋದು ಇಬ್ಬರಿಗೂ ಸುಲಭ. ಮೂರನೆಯದು, ಕೊನೆಯ ಸಾಲು. ಕೇಳದೇ ಮತ್ತೆ ಹಾಕೋದು ಯಾವ ಗ್ರೂಪಿನಲ್ಲೂ ಒಳ್ಳೆಯದಲ್ಲ. ಮೊದಲ ತೆಗೆತ ತಪ್ಪಾಗಿದ್ದರೂ ಎರಡನೇ ಸಲ ಹಾಕಿದ್ದೇ ಹೊಸ ತಪ್ಪಾಗಿ, ಮಾತು ಪೂರ್ತಿ ಅದರ ಸುತ್ತಲೇ ತಿರುಗುತ್ತೆ.

ಬಂದ ಉತ್ತರ

ಭಾನುವಾರ ಮಧ್ಯಾಹ್ನ ಅವರೇ ಫೋನ್ ಮಾಡಿದ್ರು. "ನಿಮ್ಮ ಬರವಣಿಗ್ಯಾಗ ಏನೂ ಇಲ್ರೀ. ಕೆಳಗ ಕಾಮೆಂಟಿನಾಗ ಇಬ್ಬರು ವ್ಯಾಪಾರದವ್ರು ನಂಬರ್ ಹಾಕಿ ದರ ಹೇಳ್ಲತ್ತಿದ್ರು. ಮಂದಿ ರಿಪೋರ್ಟ್ ಮಾಡ್ಲತ್ತಿದ್ರು. ಒಂದೊಂದೇ ಕಾಮೆಂಟ್ ತೆಗಿಲಿಕ್ಕ ಟೈಮ್ ಎಲ್ಲಿ ಅದ? ಇಡೀ ಪೋಸ್ಟೇ ತೆಗದೆ" ಅಂದ್ರು.

ಅಲ್ಲಿಗೆ ಗಂಟು ಎಲ್ಲಿದೆ ಅಂತ ಗೊತ್ತಾಯ್ತು. ನಿಯಮ ಮೀರಿದ್ದು ಕಾಮೆಂಟಿನವರು, ಹೋದದ್ದು ಪೋಸ್ಟ್. ನಿಯಮ 4 ಕಾಮೆಂಟಿನ ಬಗ್ಗೆ ಏನೂ ಹೇಳ್ತಿರಲಿಲ್ಲ. ನಾನು, "ಸರ್, ಹಂಗಾದ್ರ ಯಾರ ಪೋಸ್ಟಿನ ಕೆಳಗ ಯಾರು ಬೇಕಾದ್ರೂ ನಂಬರ್ ಹಾಕಿ ಆ ಪೋಸ್ಟ್ ತೆಗಸಬಹುದಲ್ರೀ?" ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಖರೆ ಅದ" ಅಂದ್ರು.

ಕೊನೆಗೆ ಆದದ್ದು ಹೀಗೆ. ಅದೇ ಬರಹ ಮತ್ತೆ ಹಾಕಲು ಒಪ್ಪಿದ್ರು, ಮೇಲೆ 'ದಯವಿಟ್ಟು ಮಾರಾಟದ ಕಾಮೆಂಟ್ ಬೇಡ' ಅಂತ ಒಂದು ಸಾಲು ಸೇರಿಸಲು ಹೇಳಿದ್ರು. ನನ್ನ ಲೆಕ್ಕದಿಂದ ತಪ್ಪು ತೆಗೆದ್ರು. ಉಳಿದ ಅಡ್ಮಿನ್‌ಗಳ ಜೊತೆ ಮಾತಾಡಿ, ನಿಯಮ 4ಕ್ಕೆ 'ಕಾಮೆಂಟಿನಲ್ಲಿ ನಂಬರ್ ಹಾಕಿದರೆ ಆ ಕಾಮೆಂಟ್ ಮಾತ್ರ ತೆಗೆಯಲಾಗುವುದು' ಅಂತ ಸೇರಿಸಿದ್ರು. ಒಂದನ್ನು ಮಾತ್ರ ಒಪ್ಪಲಿಲ್ಲ. ಪೋಸ್ಟ್ ಯಾಕೆ ಹೋಗಿತ್ತು ಅಂತ ಗ್ರೂಪಿನಲ್ಲಿ ಬರೆಯೋಣ ಅಂದಾಗ, "ಅದೊಂದು ಬ್ಯಾಡ್ರಿ, ಮತ್ತ ಜಗಳ ಹಚ್ಚತಾರ" ಅಂದ್ರು. ಅದು ಅವರ ಗ್ರೂಪು, ಅವರ ಮಾತು. ನಾನೂ ಎಳೆಯಲಿಲ್ಲ. ಮಾಮಾನಿಗೆ ಮಾತ್ರ ಹೊಸ ನಿಯಮದ ಸ್ಕ್ರೀನ್‌ಶಾಟ್ ಕಳಿಸಿದೆ. ಅದನ್ನ ಅವರು ಕಮಲಾಪುರದಲ್ಲಿ ಎಷ್ಟು ಮಂದಿಗೆ ತೋರಿಸಿದ್ರೋ ಲೆಕ್ಕ ಇಲ್ಲ.

ಅಡ್ಮಿನ್‌ಗಳು ಯಾಕೆ ಅವಸರ ಮಾಡ್ತಾರೆ?

ಇದರಲ್ಲಿ ಸೋಮಾರಿತನದಷ್ಟೇ ಭಯವೂ ಇದೆ. 2017ರಲ್ಲಿ ನಮ್ಮದೇ ರಾಜ್ಯದ ಭಟ್ಕಳ ತಾಲೂಕಿನಲ್ಲಿ, ಗ್ರೂಪಿನಲ್ಲಿ ಬಂದ ಆಕ್ಷೇಪಾರ್ಹ ಚಿತ್ರದ ಪ್ರಕರಣದಲ್ಲಿ ವಾಟ್ಸ್‌ಆ್ಯಪ್ ಗ್ರೂಪಿನ ಅಡ್ಮಿನ್ ಒಬ್ಬರ ಬಂಧನವಾಗಿತ್ತು. ಆ ಥರದ ಸುದ್ದಿ ಓದಿದವರು 'ಯಾಕೆ ಬೇಕು ಉಸಾಬರಿ' ಅಂತ ಅನುಮಾನ ಬಂದದ್ದನ್ನೆಲ್ಲ ತೆಗೀತಾರೆ.

ಆಮೇಲೆ ಕೋರ್ಟುಗಳು ಇದನ್ನ ಸ್ವಲ್ಪ ಬಿಡಿಸಿ ಹೇಳಿವೆ. ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲಿ, ಸದಸ್ಯ ಹಾಕಿದ ಆಕ್ಷೇಪಾರ್ಹ ಸಂದೇಶಕ್ಕೆ ಅಡ್ಮಿನ್ ಅನ್ನೋ ಒಂದೇ ಕಾರಣಕ್ಕೆ ಅವರನ್ನ ಹೊಣೆ ಮಾಡಲಾಗದು ಅಂದಿತು. ಇಬ್ಬರದೂ ಸಮಾನ ಉದ್ದೇಶ ಇತ್ತು ಅಂತ ತೋರಿಸಬೇಕು. ಕೇರಳ ಹೈಕೋರ್ಟ್ 2022ರಲ್ಲಿ ಇದೇ ದಾರಿಯಲ್ಲಿ ನಡೆದು, ಅಡ್ಮಿನ್ ಮತ್ತು ಸದಸ್ಯರ ನಡುವೆ ಯಜಮಾನ-ಸೇವಕನ ಸಂಬಂಧ ಇಲ್ಲ ಅಂದಿತು. ಆ ಅಡ್ಮಿನ್ ಸಾಹೇಬರಿಗೆ ಇದನ್ನ ಹೇಳಿದಾಗ ಅವರಿಗೆ ಹೊಸ ಸುದ್ದಿ. ನಿಮ್ಮ ಪೋಸ್ಟ್ ಹೋದದ್ದು ಈ ಭಯದಿಂದ ಅಂತ ಅನ್ನಿಸಿದರೆ, ಕಾನೂನಿನ ಮಾತನ್ನ ಬೆದರಿಕೆಯಾಗಿ ಬಳಸಬೇಡಿ, ಸಮಾಧಾನವಾಗಿ ತಿಳಿಸಿ. ಭಯ ಇಳಿದಷ್ಟು ಉತ್ತರ ಮೃದುವಾಗುತ್ತೆ.

ಒಪ್ಪದಿದ್ದರೆ?

ಇಲ್ಲಿ ಸ್ಪಷ್ಟ ಗಡಿ ಇದೆ. ಸಂವಿಧಾನದ 19ನೇ ವಿಧಿಯ ವಾಕ್ ಸ್ವಾತಂತ್ರ್ಯ ಮುಖ್ಯವಾಗಿ ಸರ್ಕಾರದ ವಿರುದ್ಧ ಇರೋ ರಕ್ಷಣೆ. ಒಂದು ಖಾಸಗಿ ಗ್ರೂಪಿನ ಅಡ್ಮಿನ್ ಮುಂದೆ ಅದನ್ನ ಹಿಡಿದರೆ ಅವರು ನಗಬಹುದು, ನಕ್ಕರೂ ತಪ್ಪಿಲ್ಲ. ಗ್ರೂಪಿನ ನಿಯಮಕ್ಕೆ ಇರೋ ಬಲ, ಅದನ್ನ ಬರೆದವರು ತಾವೇ ಅದಕ್ಕೆ ಎಷ್ಟು ಮರ್ಯಾದೆ ಕೊಡ್ತಾರೆ ಅನ್ನೋದರಷ್ಟೇ.

ಕಂಪನಿಯೇ ತೆಗೆದಾಗ ಮಾತು ಬೇರೆ. 2021ರ ಐಟಿ ನಿಯಮಗಳ ಪ್ರಕಾರ, ಇಂಥ ಕಂಪನಿಗಳಿಗೆ ದೂರು ಅಧಿಕಾರಿ ಇರಲೇಬೇಕು. ದೂರು ಕೊಟ್ಟರೆ 24 ಗಂಟೆಯೊಳಗೆ ತಲುಪಿದೆ ಅಂತ ತಿಳಿಸಬೇಕು, ಸಾಮಾನ್ಯ ದೂರುಗಳನ್ನ 15 ದಿನದೊಳಗೆ ಬಗೆಹರಿಸಬೇಕು ಅಂತ ಆ ನಿಯಮಗಳಲ್ಲಿ ಇತ್ತು. ಅಲ್ಲಿನ ಉತ್ತರವೂ ಸರಿ ಕಾಣದಿದ್ದರೆ, 2023ರಿಂದ ಕೆಲಸ ಶುರು ಮಾಡಿರೋ ಸರ್ಕಾರದ ದೂರು ಮೇಲ್ಮನವಿ ಸಮಿತಿಗೆ 30 ದಿನದೊಳಗೆ ಹೋಗಬಹುದು. ಆದರೆ ಈ ದಾರಿ ಕಂಪನಿಯ ತೀರ್ಮಾನಕ್ಕೆ. ಗ್ರೂಪಿನ ಅಡ್ಮಿನ್ ತನ್ನ ನಿಯಮದಂತೆ ತೆಗೆದ ಬಾಳೆಹಣ್ಣಿನ ಪೋಸ್ಟಿಗೆ ಈ ಬಾಗಿಲು ಬಡಿದರೆ ಕಾಲಹರಣ. ಅದಕ್ಕೇ ತೆಗೆದದ್ದು ಯಾರು ಅಂತ ಮೊದಲೇ ಖಚಿತ ಮಾಡ್ಕೊಳ್ಳಿ ಅಂದದ್ದು.

ತೆಗೆಯೋದನ್ನ ಇನ್ನೂ ಚೆನ್ನಾಗಿ ನಡೆಸಬಹುದು ಅನ್ನೋದಕ್ಕೆ ವಿಕಿಪೀಡಿಯ ನೋಡಿ. ಅಲ್ಲಿ ನಿರ್ವಾಹಕರು ಒಂದು ಪುಟ ಅಳಿಸಿದರೆ ಯಾರು, ಯಾವಾಗ, ಯಾವ ಕಾರಣಕ್ಕೆ ಅಂತ ದಾಖಲೆಯಲ್ಲಿ ಉಳಿಯುತ್ತೆ, ಯಾರು ಬೇಕಾದ್ರೂ ನೋಡಬಹುದು. ಆಕ್ಷೇಪ ಇದ್ದವರು ಮೊದಲು ಅಳಿಸಿದವರ ಚರ್ಚೆಯ ಪುಟದಲ್ಲೇ ಕೇಳೋದು ರೂಢಿ. ಕನ್ನಡ ವಿಕಿಪೀಡಿಯದಲ್ಲಿ ಎಲ್ಲರೂ ಕೂಡಿ ಮಾತಾಡೋ ಪುಟಕ್ಕೆ 'ಅರಳಿ ಕಟ್ಟೆ' ಅಂತಲೇ ಹೆಸರು. ನಮ್ಮ ಗ್ರೂಪುಗಳಿಗೆ ಅಷ್ಟೆಲ್ಲ ಬೇಕಿಲ್ಲ. ತೆಗೆದಾಗ ನಿಯಮದ ಸಂಖ್ಯೆಯ ಜೊತೆ ಯಾವ ಸಾಲು ಅಂತ ಒಂದು ಮಾತು ಬರೆದರೆ ಅರ್ಧ ಜಗಳ ಅಲ್ಲೇ ತೀರುತ್ತೆ.

ಅಡ್ಮಿನ್ ಉತ್ತರವೇ ಕೊಡದಿದ್ದರೆ ಎರಡು ದಿನ ಬಿಟ್ಟು ಒಂದೇ ಸಲ ನೆನಪಿಸಿ. ಆಮೇಲೂ ಮೌನವಾದರೆ ಇನ್ನೊಬ್ಬ ಅಡ್ಮಿನ್‌ಗೆ ಅದೇ ಸಂದೇಶವನ್ನ, ಮೊದಲು ಯಾರಿಗೆ ಬರೆದಿದ್ದೆ ಅಂತ ಹೇಳಿ, ಕಳಿಸಿ. ಮೂರನೇ ಸಲ ಬೇಡ. ಬರಹ ನಿಮ್ಮ ಹತ್ತಿರ ಉಳಿದಿರುತ್ತೆ, ಅದನ್ನ ನಿಮ್ಮದೇ ಗೋಡೆ ಮೇಲೆ ಹಾಕೋಕೆ ಯಾರ ಅನುಮತಿಯೂ ಬೇಕಿಲ್ಲ.